ಫ್ಯಾನ್ ಅಲುಗಾಡುತ್ತಿದೆಯೇ? ಕೆಪಾಸಿಟರ್ ಬದಲಿಸುವ ಮುನ್ನ ರೆಕ್ಕೆ ಅಳೆಯಿರಿ

ಸೀಲಿಂಗ್ ಫ್ಯಾನ್‌ನಲ್ಲಿ ಏನೇ ತೊಂದರೆಯಾದರೂ ಹಲವರು ಮೊದಲು ಕೆಪಾಸಿಟರ್ ಬದಲಿಸುತ್ತಾರೆ. ಆದರೆ ಅಲುಗಾಟಕ್ಕೆ ಕಾರಣ ಸಾಮಾನ್ಯವಾಗಿ ರೆಕ್ಕೆ ಇಲ್ಲವೇ ಸ್ಕ್ರೂ.

ಎಂಸಿಬಿ ಆಫ್ ಮಾಡಿ, ರೆಕ್ಕೆಗಳ ಧೂಳು ಒರೆಸಿ, ಅವುಗಳ ಸ್ಕ್ರೂ ಬಿಗಿ ಮಾಡಿ. ಬಳಿಕ ಫ್ಯಾನನ್ನು ಕೈಯಿಂದ ತಿರುಗಿಸುತ್ತಾ, ಒಂದೇ ಜಾಗದಲ್ಲಿ ಪ್ರತಿ ರೆಕ್ಕೆಯ ತುದಿಯಿಂದ ಸೀಲಿಂಗ್‌ಗೆ ಇರುವ ಅಂತರ ಅಳೆಯಿರಿ. ಎರಡು ರೆಕ್ಕೆಗಳಿಗೆ 32 ಸೆಂ.ಮೀ., ಮೂರನೆಯದಕ್ಕೆ 31 ಸೆಂ.ಮೀ. ಬಂದರೆ ಮೂರನೆಯದು ಮೇಲಕ್ಕೆ ಬಾಗಿದೆ ಎಂದರ್ಥ. ಅದನ್ನು ಬುಡದ ಬಳಿ ಹಿಡಿದು ನಿಧಾನವಾಗಿ ಕೆಳಕ್ಕೆ ಒತ್ತಿ. ಅಂತರ ಸಮವಾಗಿದ್ದೂ ಅಲುಗಾಡಿದರೆ ತೂಕದಲ್ಲಿ ವ್ಯತ್ಯಾಸವಿದೆ. ಒಂದು ರೂಪಾಯಿ ನಾಣ್ಯವನ್ನು ಒಂದೊಂದೇ ರೆಕ್ಕೆಯ ಮೇಲ್ಭಾಗಕ್ಕೆ ಟೇಪಿನಿಂದ ಗಟ್ಟಿಯಾಗಿ ಅಂಟಿಸಿ ಓಡಿಸಿ ನೋಡಿ. ಅಲುಗಾಟ ತಗ್ಗುವಲ್ಲಿ ಉಳಿಸಿ.

ಗಡಗಡ ಸದ್ದು ಮೇಲಿನಿಂದ ಬಂದರೆ ಕ್ಯಾನೋಪಿ, ಅಂದರೆ ಮೇಲಿನ ಕಪ್ ಸಡಿಲವಾಗಿರಬಹುದು. ಅದು ಸೀಲಿಂಗ್‌ಗೆ ತಾಗದಂತೆ ಸ್ಕ್ರೂ ಬಿಗಿ ಮಾಡಿ. ಒಳಗಿನ ಬೋಲ್ಟ್‌ನ ಸ್ಪ್ಲಿಟ್ ಪಿನ್ ಇಲ್ಲದಿದ್ದರೆ ಫ್ಯಾನ್ ಹಾಕಬೇಡಿ. ಅದು ಕಳಚಿ ಬೀಳಬಹುದು.

ಫ್ಯಾನ್ ಗುಂಯ್‌ಗುಟ್ಟುತ್ತಾ, ಕೈಯಿಂದ ತಳ್ಳಿದರಷ್ಟೇ ತಿರುಗಿದರೆ ಆಗ ಕೆಪಾಸಿಟರ್ ಅನುಮಾನಿಸಿ. ಹಳೆಯದರ ಮೇಲೆ 2.5 ಮೈಕ್ರೋಫ್ಯಾರಡ್ ಎಂದಿದ್ದರೆ ಅಷ್ಟರದ್ದನ್ನೇ ಹಾಕಿಸಿ. ಸ್ವಿಚ್ ಆಫ್ ಆಗಿದ್ದರೂ ಅದರಲ್ಲಿ ವಿದ್ಯುತ್ ಉಳಿದಿರಬಹುದು, ತಂತಿಯ ತುದಿ ಮುಟ್ಟಬೇಡಿ.