ಫಾರ್ಮ್ಯಾಟ್ ಕೇಳುವ ಪೆನ್ ಡ್ರೈವ್: ಮೊದಲು ಫೈಲು, ಆಮೇಲೆ ದುರಸ್ತಿ

ಪೆನ್ ಡ್ರೈವ್ ಚುಚ್ಚಿದೊಡನೆ ವಿಂಡೋಸ್ ಪರದೆಯ ಮೇಲೆ `You need to format the disk in drive E: before you can use it.` ಎಂಬ ಸಾಲು ಬಂದರೆ ಫೈಲುಗಳು ಅಳಿಸಿಹೋದವು ಎಂದೇ ಹಲವರು ತಿಳಿಯುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಆ ಸಾಲು ಹೇಳುವುದು ಅಷ್ಟನ್ನಲ್ಲ. ಡ್ರೈವ್‌ನಲ್ಲಿ ಯಾವ ಫೈಲು ಎಲ್ಲಿದೆ ಎಂದು ತಿಳಿಸುವ ಭಾಗವನ್ನು ವಿಂಡೋಸ್‌ಗೆ ಓದಲಾಗಲಿಲ್ಲ, ಅಷ್ಟೇ. ಫೋಟೊ, ಪತ್ರ, ಲೆಕ್ಕಪತ್ರಗಳೆಲ್ಲ ಇನ್ನೂ ಇದ್ದಲ್ಲೇ ಇರುವ ಸಾಧ್ಯತೆ ಹೆಚ್ಚು. ಆ ಗಳಿಗೆಯಲ್ಲಿ ಒತ್ತಬೇಕಾದ ಗುಂಡಿ `Cancel` ಒಂದೇ.

32 ಜಿಬಿಯ ಸಾಮಾನ್ಯ ಪೆನ್ ಡ್ರೈವ್‌ನಲ್ಲಿ ಜಾಗವನ್ನು ಹಂಚುವ ವ್ಯವಸ್ಥೆಗೆ ಫ್ಯಾಟ್32 ಎಂದು ಹೆಸರು. ಅದರ ಮೊದಲ 512 ಬೈಟ್‌ಗಳ ತುಣುಕನ್ನು ಬೂಟ್ ಸೆಕ್ಟರ್ ಎನ್ನುತ್ತಾರೆ. ಡ್ರೈವ್ ಎಷ್ಟು ದೊಡ್ಡದು, ಉಳಿದ ಭಾಗಗಳು ಎಲ್ಲಿಂದ ಶುರುವಾಗುತ್ತವೆ ಎಂಬ ಮಾಹಿತಿ ಅಲ್ಲಿರುತ್ತದೆ. ಅದಾದ ಮೇಲೆ ಬರುವುದು ಫ್ಯಾಟ್ ಎಂಬ ಪಟ್ಟಿ. ಪುಸ್ತಕದ ಪರಿವಿಡಿಯಂತೆ ಒಂದೊಂದು ಫೈಲಿನ ತುಣುಕುಗಳು ಎಲ್ಲೆಲ್ಲಿವೆ ಎಂದು ಅದು ಹೇಳುತ್ತದೆ. ನಿಜವಾದ ಫೈಲುಗಳು ಇರುವುದು ಇವೆರಡನ್ನೂ ದಾಟಿದ ಮೇಲೆ. ಫೈಲು ನಕಲಾಗುತ್ತಿರುವಾಗಲೇ ಡ್ರೈವನ್ನು ಎಳೆದರೆ, ಕರೆಂಟು ಹೋದರೆ ಅಥವಾ ಸಡಿಲವಾದ ಯುಎಸ್‌ಬಿ ಕಿಂಡಿಯಲ್ಲಿ ಸಂಪರ್ಕ ತಪ್ಪಿದರೆ ಪೆಟ್ಟು ಬೀಳುವುದು ಹೆಚ್ಚಾಗಿ ಮೊದಲಿನ ಈ ಚಿಕ್ಕ ಭಾಗಕ್ಕೇ, ಏಕೆಂದರೆ ಪ್ರತಿ ಫೈಲು ಬರೆಯುವಾಗಲೂ ಪಟ್ಟಿ ಬದಲಾಗುತ್ತಲೇ ಇರುತ್ತದೆ. ಈ ವ್ಯವಸ್ಥೆಯನ್ನು ರೂಪಿಸಿದವರು ಇಂಥ ಹೊತ್ತಿಗೆಂದೇ ಬೂಟ್ ಸೆಕ್ಟರಿನ ಇನ್ನೊಂದು ಪ್ರತಿಯನ್ನು ಸ್ವಲ್ಪ ಮುಂದೆ, ಸಾಮಾನ್ಯವಾಗಿ 6ನೇ ಸೆಕ್ಟರಿನಲ್ಲಿ ಇಟ್ಟಿದ್ದಾರೆ. ಫ್ಯಾಟ್ ಪಟ್ಟಿಗೂ ಎರಡು ಪ್ರತಿಗಳಿರುತ್ತವೆ. ಚೇತರಿಕೆಯ ಕೆಲಸವೆಲ್ಲ ನಿಂತಿರುವುದು ಈ ಪ್ರತಿಗಳ ಮೇಲೆ.

ಫಾರ್ಮ್ಯಾಟ್ ಮಾಡಿದರೆ ಕಳೆದುಹೋಗುವುದೂ ಇವೇ. ಕ್ವಿಕ್ ಫಾರ್ಮ್ಯಾಟ್ ಹಳೆಯ ಪಟ್ಟಿಯ ಮೇಲೆ ಖಾಲಿ ಪಟ್ಟಿ ಬರೆಯುತ್ತದೆ. ಫೈಲಿನ ತುಣುಕುಗಳು ಉಳಿದರೂ ಅವುಗಳ ಹೆಸರು, ಫೋಲ್ಡರು, ಜೋಡಣೆ ಬಹುಮಟ್ಟಿಗೆ ಹೋಗುತ್ತವೆ. ಕ್ವಿಕ್ ಎಂಬ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದರೆ, ವಿಸ್ತಾದಿಂದೀಚಿನ ವಿಂಡೋಸ್ ಡ್ರೈವ್‌ನ ಉದ್ದಕ್ಕೂ ಸೊನ್ನೆಗಳನ್ನು ಬರೆಯುತ್ತದೆ. ಆಮೇಲೆ ಯಾವ ತಂತ್ರಾಂಶದಿಂದಲೂ ಪ್ರಯೋಜನವಿಲ್ಲ. `chkdsk` ಆದೇಶ ಕೊಡುವಂತೆ ಸಲಹೆ ನೀಡುವವರೂ ಇದ್ದಾರೆ. ಅದು ಡ್ರೈವನ್ನು ಮತ್ತೆ ಬಳಸುವಂತೆ ಮಾಡುವ ಸಾಧನವೇ ಹೊರತು ಫೈಲು ಉಳಿಸುವ ಸಾಧನವಲ್ಲ. ಪಟ್ಟಿಗೂ ತುಣುಕಿಗೂ ತಾಳೆಯಾಗದ ಕಡೆ ಅದು ಫೈಲನ್ನು ಮೊಟಕು ಮಾಡುತ್ತದೆ, ಇಲ್ಲವೇ `FILE0000.CHK` ಎಂಬಂಥ ಅನಾಮಧೇಯ ಫೈಲಾಗಿಸುತ್ತದೆ. ಅದೂ ಮೂಲ ಡ್ರೈವ್‌ನ ಮೇಲೆಯೇ, ಹಿಂದಕ್ಕೆ ತರಲಾಗದಂತೆ.

ಮುಂದಿನ ಹೆಜ್ಜೆಗೆ ಮೊದಲು ಡ್ರೈವ್‌ನ ಅಳತೆ ನೋಡಬೇಕು. ವಿಂಡೋಸ್ ಕೀಲಿಯ ಜೊತೆ R ಒತ್ತಿ `diskmgmt.msc` ಎಂದು ಬರೆದರೆ ಕಂಪ್ಯೂಟರಿಗೆ ಜೋಡಿಸಿರುವ ಎಲ್ಲ ಡಿಸ್ಕುಗಳ ಪಟ್ಟಿ ತೆರೆಯುತ್ತದೆ. ಅಲ್ಲಿ `Initialize Disk` ಎಂಬ ಪೆಟ್ಟಿಗೆ ಬಂದರೆ ಅದಕ್ಕೂ `Cancel` ಎಂದೇ ಉತ್ತರ. 32 ಜಿಬಿ ಎಂದು ಕೊಂಡ ಡ್ರೈವ್ 29 ಜಿಬಿಯಷ್ಟು ತೋರಿಸುವುದು ದೋಷವಲ್ಲ. ತಯಾರಕರು ಒಂದು ಜಿಬಿಗೆ 100 ಕೋಟಿ ಬೈಟ್ ಎಂದು ಎಣಿಸುತ್ತಾರೆ, ವಿಂಡೋಸ್ ಸುಮಾರು 107 ಕೋಟಿ ಎಂದು ಎಣಿಸುತ್ತದೆ. 3200 ಕೋಟಿ ಬೈಟ್‌ಗಳು ಆ ಲೆಕ್ಕದಲ್ಲಿ 29.8 ಆಗುತ್ತವೆ, ಕೆಲವು ಡ್ರೈವ್‌ಗಳಲ್ಲಿ ಅದಕ್ಕಿಂತ ತುಸು ಕಡಿಮೆಯೂ ಇರುತ್ತದೆ.

ಅಳತೆ ಸರಿಯಿದ್ದು ಪಕ್ಕದಲ್ಲಿ `RAW` ಎಂದಿದ್ದರೆ ಅದು ಒಳ್ಳೆಯ ಸೂಚನೆ: ಡ್ರೈವ್ ಜೀವಂತವಾಗಿದೆ, ಕೆಟ್ಟಿರುವುದು ಪಟ್ಟಿಯ ಭಾಗ. ಕೆಲವೇ ಎಂಬಿಗಳ ಒಂದು ಭಾಗವೂ ಉಳಿದದ್ದು `Unallocated` ಎಂದೂ ಕಂಡರೆ, ಯಾರೋ ಆ ಡ್ರೈವನ್ನು ಲಿನಕ್ಸ್ ಅನುಸ್ಥಾಪನೆಗೆಂದು ಬಳಸಿರಬಹುದು. ಆಗ ಹೊಸದಾಗಿ ಬರೆದಷ್ಟು ಜಾಗದಲ್ಲಿದ್ದ ಹಳೆಯ ಫೈಲುಗಳು ಹೋದಂತೆಯೇ. ಅದರಾಚೆಗಿನವು ಮಾತ್ರ ಸಿಕ್ಕಾವು. `No Media` ಎಂದು ಬಂದರೆ ಅಥವಾ ಅಳತೆ ಸೊನ್ನೆಯಿದ್ದರೆ ಒಳಗಿನ ನಿಯಂತ್ರಕ ಚಿಪ್ಪು ತನ್ನ ನೆನಪಿನ ಚಿಪ್ಪನ್ನು ತಲುಪುತ್ತಿಲ್ಲ ಎಂದರ್ಥ. ಬೇರೆ ಕಿಂಡಿ, ಬೇರೆ ಕಂಪ್ಯೂಟರಿನಲ್ಲಿ ನೋಡಿದರೂ ಹಾಗೆಯೇ ಇದ್ದರೆ ಮನೆಯಲ್ಲಿ ಮಾಡಬಹುದಾದ ಕೆಲಸ ಮುಗಿಯಿತು. ಚಿಪ್ಪನ್ನೇ ನೇರವಾಗಿ ಓದುವ ದತ್ತಾಂಶ ಚೇತರಿಕೆ ಪ್ರಯೋಗಾಲಯಗಳಿವೆ, ವೆಚ್ಚ ಹೆಚ್ಚು.

ತೀರಾ ಅಗ್ಗಕ್ಕೆ ಸಿಕ್ಕ 512 ಜಿಬಿ, 1 ಟಿಬಿ ಡ್ರೈವ್‌ಗಳ ಕತೆ ಬೇರೆ. ಒಳಗೆ ಕೆಲವೇ ಜಿಬಿಯ ಚಿಪ್ಪಿಟ್ಟು, ನಿಯಂತ್ರಕವು ದೊಡ್ಡ ಸಂಖ್ಯೆಯನ್ನು ಹೇಳುವಂತೆ ಮಾಡಿರುತ್ತಾರೆ. ನಿಜವಾದ ಜಾಗ ತುಂಬಿದ ಮೇಲೆ ಬರೆದದ್ದು ಎಲ್ಲೂ ಉಳಿಯುವುದಿಲ್ಲ, ಅಥವಾ ಹಳೆಯದರ ಮೇಲೆಯೇ ಕೂರುತ್ತದೆ. ಫೈಲಿನ ಹೆಸರೂ ಅಳತೆಯೂ ಸರಿಯಾಗಿ ಕಾಣುತ್ತವೆ, ತೆರೆದರೆ ಒಳಗೇನೂ ಇರುವುದಿಲ್ಲ. ಎಂದೂ ಉಳಿಯದೇ ಇದ್ದುದನ್ನು ಹಿಂದಕ್ಕೆ ತರುವ ದಾರಿಯಿಲ್ಲ. ಮೊದಮೊದಲು ಹಾಕಿದ ಫೈಲುಗಳು ಸಿಗಬಹುದು.

ಹೆಚ್ಚಿನವರು ಎದುರಿಸುವುದು ಅಳತೆ ಸರಿಯಿದ್ದು `RAW` ಎಂದಿರುವ ಡ್ರೈವನ್ನೇ. ಮನೆಯ ಸಮಾರಂಭದ ಫೋಟೊಗಳು ತುಂಬಿದ 32 ಜಿಬಿ ಡ್ರೈವನ್ನು ಝೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಹಾಕಿ, ಅದರ ದೀಪ ಮಿನುಗುತ್ತಿರುವಾಗಲೇ ಕಿತ್ತುಕೊಂಡು ಬಂದರು ಎಂದಿಟ್ಟುಕೊಳ್ಳಬಹುದು. ಮನೆಯಲ್ಲಿ ಚುಚ್ಚಿದಾಗ ಅದು ಫಾರ್ಮ್ಯಾಟ್ ಕೇಳುತ್ತಿದೆ. ಇಲ್ಲಿ ಮೊದಲ ಕೆಲಸ ಫೈಲು ಹುಡುಕುವುದಲ್ಲ. ಡ್ರೈವ್‌ನಲ್ಲಿರುವುದನ್ನು ಮೊದಲ ಬೈಟ್‌ನಿಂದ ಕೊನೆಯವರೆಗೆ ಇದ್ದಂತೆಯೇ ಒಂದು ದೊಡ್ಡ ಫೈಲಾಗಿ ನಕಲು ಮಾಡಿಕೊಳ್ಳಬೇಕು. ಇದಕ್ಕೆ ಇಮೇಜ್ ಎನ್ನುತ್ತಾರೆ. ದುರ್ಬಲಗೊಂಡ ಡ್ರೈವ್ ಎಷ್ಟು ಹೊತ್ತು ಓದಿಸಿಕೊಂಡೀತು ಎಂದು ಹೇಳಲಾಗದು. ಒಂದೇ ಸಲ ಓದಿ ಎತ್ತಿಟ್ಟರೆ ಮುಂದಿನ ಪ್ರಯೋಗಗಳೆಲ್ಲ ನಕಲಿನ ಮೇಲೆ ನಡೆಯುತ್ತವೆ, ತಪ್ಪಾದರೂ ಮೂಲಕ್ಕೆ ಧಕ್ಕೆಯಿಲ್ಲ.

ಕ್ರಿಸ್ಟೋಫ್ ಗ್ರೆನಿಯೇ ಎಂಬ ಫ್ರೆಂಚ್ ತಂತ್ರಜ್ಞ ರೂಪಿಸಿದ ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶ ಈ ಕೆಲಸಕ್ಕೆ ಸಾಕು. ಅದನ್ನು ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲೇ ಬಿಡಿಸಿಡಬೇಕು. ಕೆಟ್ಟ ಪೆನ್ ಡ್ರೈವ್‌ಗೆ ಒಂದು ಅಕ್ಷರವನ್ನೂ ಬರೆಯಬಾರದು. ಇಮೇಜಿಗೆ 32 ಜಿಬಿ, ಹೊರತೆಗೆದ ಫೈಲುಗಳಿಗೆ ಇನ್ನಷ್ಟು, ಹೀಗೆ ಸುಮಾರು 70 ಜಿಬಿ ಖಾಲಿ ಜಾಗ ಬೇಕಾಗುತ್ತದೆ. ಆ ಜಾಗ ಫ್ಯಾಟ್32 ಆಗಿರಬಾರದು. 4 ಜಿಬಿ ಮೀರಿದ ಒಂದೇ ಫೈಲನ್ನು ಅದು ಹಿಡಿಯುವುದಿಲ್ಲ.

`testdisk_win.exe` ಮೇಲೆ ಬಲಗುಂಡಿ ಒತ್ತಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ಡಿಸ್ಕುಗಳ ಪಟ್ಟಿ ಬರುತ್ತದೆ. ಅಳತೆ ನೋಡಿ ಪೆನ್ ಡ್ರೈವನ್ನೇ ಆರಿಸಬೇಕು. ಇಲ್ಲಿ ಅವಸರ ಸಲ್ಲದು. ವಿಭಜನೆಯ ಬಗೆ ಯಾವುದೆಂದು ಕೇಳಿದಾಗ ತಂತ್ರಾಂಶ ತಾನೇ ಸೂಚಿಸಿದ್ದನ್ನು ಒಪ್ಪಿ, `Advanced` ಒಳಗೆ ಹೋಗಿ, ಡ್ರೈವ್‌ನ ಭಾಗವನ್ನು ಆರಿಸಿ `Image Creation` ಎಂದು ಕೊಟ್ಟು, ಟೆಸ್ಟ್‌ಡಿಸ್ಕ್ ಇರುವ ಫೋಲ್ಡರನ್ನೇ ಗುರಿಯಾಗಿ ಒಪ್ಪಿದರೆ ಅಲ್ಲಿ `image.dd` ತಯಾರಾಗುತ್ತದೆ. ಸೆಕೆಂಡಿಗೆ 25 ಎಂಬಿ ಓದುವ ಡ್ರೈವ್‌ಗೆ 20 ನಿಮಿಷ ಹಿಡಿದೀತು. ಓದುತ್ತ ಓದುತ್ತ ನಿಂತುಬಿಡುವ ಡ್ರೈವ್ ಆದರೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಮೇಲು. ಅದು ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಎತ್ತಿಕೊಂಡು, ಹಟ ಮಾಡುವ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ನಡುವೆ ನಿಲ್ಲಿಸಿದರೂ ಬಿಟ್ಟಲ್ಲಿಂದ ಮುಂದುವರಿಯುತ್ತದೆ.

```
lsblk
sudo ddrescue -d /dev/sdb image.dd image.map
```

ಮೊದಲ ಸಾಲು ಡಿಸ್ಕುಗಳ ಹೆಸರನ್ನೂ ಅಳತೆಯನ್ನೂ ತೋರಿಸುತ್ತದೆ. `sdb` ಎಂಬುದು ಉದಾಹರಣೆ ಮಾತ್ರ, ಅಲ್ಲಿ ಕಂಡ ಹೆಸರನ್ನೇ ಹಾಕಬೇಕು. ಮೂಲ ಮೊದಲು, ನಕಲು ಆಮೇಲೆ ಎಂಬ ಕ್ರಮ ತಪ್ಪಬಾರದು. ಹೀಗೆ ತೆಗೆದದ್ದು ಇಡೀ ಡ್ರೈವ್‌ನ ಇಮೇಜ್.

ಇಮೇಜ್ ಸಿದ್ಧವಾದೊಡನೆ ಪೆನ್ ಡ್ರೈವನ್ನು ತೆಗೆದು ಪಕ್ಕಕ್ಕಿಟ್ಟು, ಟೆಸ್ಟ್‌ಡಿಸ್ಕ್ ಫೋಲ್ಡರಿನಲ್ಲಿ ಕಮಾಂಡ್ ಕಿಟಕಿ ತೆರೆದು ಹೀಗೆ ಬರೆಯಬೇಕು:

```
testdisk_win image.dd
```

ಟೆಸ್ಟ್‌ಡಿಸ್ಕ್ ತೆಗೆದ ಇಮೇಜ್ ಒಂದೇ ಭಾಗದ್ದಾಗಿರುವುದರಿಂದ ಈ ಸಲ ವಿಭಜನೆಯ ಬಗೆಗೆ `None` ಎಂದು, ಇಡೀ ಡ್ರೈವ್‌ನ ಇಮೇಜ್ ಆದರೆ ತಂತ್ರಾಂಶ ಸೂಚಿಸಿದ್ದನ್ನೇ ಕೊಟ್ಟು, `Advanced`, ಬಳಿಕ `Boot` ಎಂದು ಹೋದರೆ ಎರಡೂ ಬೂಟ್ ಸೆಕ್ಟರುಗಳ ಸ್ಥಿತಿ ಕಾಣುತ್ತದೆ. ಮೊದಲನೆಯದರ ಎದುರು `Bad`, ಪ್ರತಿಯ ಎದುರು `OK` ಎಂದಿದ್ದರೆ ಕೆಲಸ ಅರ್ಧ ಆದಂತೆ. `Backup BS` ಎಂದರೆ ಆ ಪ್ರತಿ ಕೆಟ್ಟದ್ದರ ಜಾಗಕ್ಕೆ ಬರುತ್ತದೆ. ಬದಲಾವಣೆ ಆಗುವುದು ಇಮೇಜಿನಲ್ಲಿ, ಡ್ರೈವ್‌ನಲ್ಲಲ್ಲ. ಎರಡೂ ಕೆಟ್ಟಿದ್ದರೆ `Rebuild BS` ಎಂಬ ದಾರಿಯಿದೆ. ಆಮೇಲೆ `List` ಕೊಟ್ಟರೆ ಹಳೆಯ ಫೋಲ್ಡರುಗಳು ತಮ್ಮ ಹೆಸರಿನೊಡನೆ ಬರಬೇಕು. `a` ಒತ್ತಿ ಎಲ್ಲವನ್ನೂ ಆರಿಸಿ, ದೊಡ್ಡಕ್ಷರದ `C` ಒತ್ತಿ ಹಾರ್ಡ್ ಡಿಸ್ಕಿಗೆ ನಕಲಿಸಬೇಕು. ಸಣ್ಣ `c` ಒತ್ತಿದರೆ ಬರುವುದು ಒಂದೇ ಫೈಲು.

ಪಟ್ಟಿ ಬರಲೇ ಇಲ್ಲ, ಅಥವಾ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಬಂದವು ಎಂದರೆ ಫ್ಯಾಟ್ ಪಟ್ಟಿಗೇ ಹೆಚ್ಚು ಪೆಟ್ಟಾಗಿದೆ. ಆಗ ಅದೇ ಪೊಟ್ಟಣದಲ್ಲಿ ಬರುವ ಫೋಟೊರೆಕ್‌ಗೆ `photorec_win image.dd` ಎಂದು ಇಮೇಜನ್ನು ಕೊಡಬೇಕು. ಅದು ಪಟ್ಟಿಯನ್ನು ನೋಡುವುದೇ ಇಲ್ಲ, ಪ್ರತಿ ಬಗೆಯ ಫೈಲಿನ ಆರಂಭದ ಗುರುತನ್ನು ಹುಡುಕುತ್ತ ಹೋಗುತ್ತದೆ. ಜೆಪೆಗ್ ಫೋಟೊಗಳೆಲ್ಲ `FF D8 FF` ಎಂಬ ಮೂರು ಬೈಟ್‌ಗಳಿಂದಲೇ ಶುರುವಾಗುತ್ತವೆ. ಹೀಗೆ ಸಿಕ್ಕ ಫೈಲುಗಳಿಗೆ ಹಳೆಯ ಹೆಸರಿರುವುದಿಲ್ಲ. `recup_dir.1` ಎಂಬಂಥ ಫೋಲ್ಡರುಗಳಲ್ಲಿ ಸಂಖ್ಯೆ ಹೊತ್ತು ಕೂರುತ್ತವೆ. ತುಣುಕುತುಣುಕಾಗಿ ಹರಡಿದ್ದ ದೊಡ್ಡ ವಿಡಿಯೊಗಳು ಅರ್ಧಕ್ಕೇ ನಿಲ್ಲುವುದೂ ಉಂಟು. ಆದ್ದರಿಂದ ಇದು ಎರಡನೆಯ ದಾರಿಯೇ ಆಗಿರಬೇಕು. ನೇರ ಇದನ್ನೇ ಹಿಡಿದರೆ ಹೆಸರುಗಳಿದ್ದ ಫೋಲ್ಡರುಗಳನ್ನು ಸುಮ್ಮನೆ ಕೈಬಿಟ್ಟಂತಾಗುತ್ತದೆ.

ಸಿಕ್ಕಿತು ಎಂದು ತೀರ್ಮಾನಿಸುವ ಮುನ್ನ ತೆರೆದು ನೋಡಬೇಕು. ಫೋಲ್ಡರಿನಲ್ಲಿ ಕಾಣುವ ಪುಟ್ಟ ಚಿತ್ರವನ್ನು ನಂಬುವಂತಿಲ್ಲ. ಕ್ಯಾಮೆರಾದ ಫೋಟೊದೊಳಗೆ ಆ ಕಿರುಚಿತ್ರ ಬೇರೆಯಾಗಿಯೇ, ಫೈಲಿನ ಆರಂಭದಲ್ಲೇ ಇರುತ್ತದೆ. ಅದು ಸ್ಪಷ್ಟವಾಗಿದ್ದೂ ಪೂರ್ತಿ ಫೋಟೊ ಕೆಳಗರ್ಧ ಬೂದು ಬಣ್ಣಕ್ಕೆ ತಿರುಗಿರಬಹುದು. ವಿಡಿಯೊವನ್ನು ಕೊನೆಯವರೆಗೆ ಸರಿಸಿ ನೋಡಬೇಕು, ಲೆಕ್ಕದ ಹಾಳೆಗಳನ್ನು ತೆರೆಯಬೇಕು.

ಬೇಕಾದ್ದೆಲ್ಲ ಸಿಕ್ಕಿ, ಇನ್ನೊಂದು ಕಡೆಯೂ ನಕಲಾದ ಮೇಲೆ ಪೆನ್ ಡ್ರೈವನ್ನು ಫಾರ್ಮ್ಯಾಟ್ ಮಾಡಬಹುದು. ಬಳಿಕ ಹೆಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಿಂದ ಖಾಲಿ ಡ್ರೈವ್‌ಗೆ ತುದಿಯವರೆಗೂ ಬರೆಸಿ, ಬರೆದದ್ದನ್ನು ಓದಿಸಿ ತಾಳೆ ನೋಡಬೇಕು. ನಕಲಿ ಅಳತೆಯ ಡ್ರೈವ್ ಸಿಕ್ಕಿಬೀಳುವುದೂ ಈ ಪರೀಕ್ಷೆಯಲ್ಲೇ. ಒಂದೂ ತಪ್ಪಿಲ್ಲದೆ ಪರೀಕ್ಷೆ ಮುಗಿದರೆ ಕೆಟ್ಟದ್ದು ಅವಸರದಲ್ಲಿ ಕಿತ್ತದ್ದರಿಂದ ಎಂದು ತಿಳಿದು ಡ್ರೈವನ್ನು ಬಳಸಬಹುದು. ತಪ್ಪು ತೋರಿಸಿದರೆ, ಅಥವಾ ಕೆಲವು ವಾರಗಳಲ್ಲಿ ಮತ್ತೆ ಫಾರ್ಮ್ಯಾಟ್ ಕೇಳಿದರೆ, ಒಳಗಿನ ಚಿಪ್ಪು ಸವೆದಿದೆ ಎಂದು ತಿಳಿದು ಆ ಡ್ರೈವನ್ನು ಬದಲಿಸಬೇಕು.