ಸೆಲ್ಫಿಯ ಹಿಂದಿನ ಬೋರ್ಡು ಮತ್ತು ಕಂಪನಿಯ ಸುತ್ತೋಲೆ

ಹೊಸ ಪ್ರಾಜೆಕ್ಟ್ ಸಿಕ್ಕಿತೆಂದು ಶುಕ್ರವಾರ ಸಂಜೆ ಆಫೀಸಿನಲ್ಲಿ ಕೇಕ್ ಕತ್ತರಿಸಿದರು ಎಂದಿಟ್ಟುಕೊಳ್ಳಿ. ತಂಡದ ಹುಡುಗಿಯೊಬ್ಬಳು ಸೆಲ್ಫಿ ತೆಗೆದು ಇನ್‌ಸ್ಟಾಗ್ರಾಂಗೆ ಹಾಕಿದಳು. ನಗುಮುಖಗಳ ಹಿಂದೆ ಬಿಳಿ ಬೋರ್ಡು. ಅದರ ಮೇಲೆ ಗ್ರಾಹಕ ಕಂಪನಿಯ ಹೆಸರು, ಒಪ್ಪಿಕೊಂಡ ದರ, ಕೆಲಸ ಮುಗಿಸಬೇಕಾದ ತಾರೀಖು. ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿದರೆ ಎಲ್ಲವನ್ನೂ ಓದಬಹುದು.

ಆ ಕಂಪನಿಯಲ್ಲಿ ಸುತ್ತೋಲೆ ಇರಲಿಲ್ಲವೆಂದಲ್ಲ. ‘ಕಂಪನಿಯ ಘನತೆಗೆ ಧಕ್ಕೆ ತರುವ ಯಾವುದನ್ನೂ ಸಾಮಾಜಿಕ ಜಾಲತಾಣದಲ್ಲಿ ಹಾಕಬಾರದು’ ಎಂಬ ಮೆಮೊ ಎಲ್ಲರ ಇಮೇಲಿಗೂ ಬಂದಿತ್ತು. ಅವಳೂ ಓದಿದ್ದಳು. ಕಂಪನಿಯನ್ನು ಬೈಯುವವರಿಗೆ ಬರೆದದ್ದು, ತನಗಲ್ಲ ಎಂದುಕೊಂಡಿದ್ದಳು. ಇಂಥ ಸುತ್ತೋಲೆಗಳು ಸೋಲುವುದು ಇಲ್ಲೇ. ಹೆಚ್ಚಿನ ಹಾನಿ ಕಂಪನಿಯನ್ನು ದ್ವೇಷಿಸುವವರಿಂದ ಆಗುವುದಿಲ್ಲ, ಅಭಿಮಾನದಿಂದ ಬರೆಯುವವರಿಂದ ಆಗುತ್ತದೆ.

ಅಮೆರಿಕದ ಹ್ಯೂಸ್ಟನ್‌ನ ಫ್ರಾನ್ಸೆಸ್ಕಾಸ್ ಎಂಬ ಉಡುಪಿನ ಕಂಪನಿಯಲ್ಲಿ 2012ರಲ್ಲಿ ಆದದ್ದೂ ಇದೇ. ಆಡಳಿತ ಮಂಡಳಿಯ ಸಭೆ ನಡೆಯಿತು, ಅಂಕಿ ಅಂಶ ಚೆನ್ನಾಗಿವೆ, ಮಂಡಳಿಗೆ ಸಂತೋಷವಾಗಿದೆ ಎಂಬ ಅರ್ಥದ ಪುಟ್ಟ ಟ್ವೀಟ್ ಹಾಕಿದವರು ಕಂಪನಿಯ ಹಣಕಾಸು ಮುಖ್ಯಸ್ಥರೇ. ಫಲಿತಾಂಶ ಇನ್ನೂ ಪ್ರಕಟವಾಗಿರಲಿಲ್ಲ. ಅದೇ ಮೇ ತಿಂಗಳಲ್ಲಿ ಅವರು ಕೆಲಸ ಕಳೆದುಕೊಂಡರು. ಷೇರುಪೇಟೆಯಲ್ಲಿರುವ ಕಂಪನಿಗೆ ‘ಚೆನ್ನಾಗಿದೆ’ ಎಂಬ ಒಂದು ಮಾತೂ ಬೆಲೆಯನ್ನು ಏರಿಳಿಸುವ ಸುದ್ದಿ. ನಮ್ಮಲ್ಲೂ ಸೆಬಿಯ 2015ರ ನಿಯಮಗಳು ಇಂಥ ಅಪ್ರಕಟಿತ ಮಾಹಿತಿಯನ್ನು ಹೊರಗೆ ಹಂಚುವುದನ್ನು ತಡೆಯುತ್ತವೆ. ತ್ರೈಮಾಸಿಕ ಮುಗಿದಾಗಿನಿಂದ ಫಲಿತಾಂಶ ಹೊರಬಿದ್ದ 48 ಗಂಟೆಯವರೆಗೆ, ಒಳಗಿನ ಮಾಹಿತಿ ಸಿಗುವಂಥ ಹುದ್ದೆಯ ನೌಕರರು ತಮ್ಮ ಕಂಪನಿಯ ಷೇರು ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಪ್ರೊಫೈಲಿನಲ್ಲಿ ‘ಅಭಿಪ್ರಾಯಗಳು ವೈಯಕ್ತಿಕ’ ಎಂದು ಬರೆದುಕೊಂಡರೆ ಇಲ್ಲಿ ರಕ್ಷಣೆ ಸಿಗದು. ಸೋರಿದ್ದು ಅಭಿಪ್ರಾಯವಲ್ಲ, ಮಾಹಿತಿ.

ಹಾಗಾದರೆ ಸುತ್ತೋಲೆ ಏನು ಹೇಳಬೇಕು? ಕಣ್ಣಿಗೆ ಕಟ್ಟುವಂತೆ ಹೇಳಬೇಕು: ‘ಗ್ರಾಹಕರ ಹೆಸರು, ದರ, ಪ್ರಕಟವಾಗದ ಲೆಕ್ಕ, ಬಿಡುಗಡೆಯಾಗದ ಉತ್ಪನ್ನದ ಸುದ್ದಿ ಹಾಕಬೇಡಿ. ಆಫೀಸಿನೊಳಗೆ ಫೋಟೊ ತೆಗೆದರೆ ಹಿಂದಿರುವ ಬೋರ್ಡು, ಕಂಪ್ಯೂಟರ್ ಪರದೆ, ಐಡಿ ಕಾರ್ಡು ನೋಡಿಕೊಳ್ಳಿ.’ ಈ ಎರಡು ವಾಕ್ಯ ಓದಿದ್ದರೆ ಆ ಹುಡುಗಿ ಗೋಡೆಯ ಕಡೆ ಒಮ್ಮೆ ತಿರುಗಿ ನೋಡುತ್ತಿದ್ದಳು.

ಹೊಗಳುವುದಕ್ಕೂ ಒಂದು ಮಾತು ಬೇಕು. ಸೋನಿಯ ಆಟದ ಸಾಧನವೊಂದಕ್ಕೆ ಜಾಹೀರಾತು ಮಾಡಿದ ಡಾಯ್ಚ್ ಎಲ್‌ಎ ಏಜೆನ್ಸಿಯ ನೌಕರರು ತಾವು ಯಾರೆಂದು ಹೇಳದೆ ಸ್ವಂತ ಖಾತೆಗಳಿಂದ ಅದನ್ನು ಕೊಂಡಾಡಿದ್ದರು. ಅದು ಗ್ರಾಹಕರನ್ನು ದಾರಿ ತಪ್ಪಿಸುವುದೆಂದು ಅಮೆರಿಕದ ವಾಣಿಜ್ಯ ಆಯೋಗ 2014ರಲ್ಲಿ ಆಕ್ಷೇಪಿಸಿತು. ಭಾರತದಲ್ಲೂ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿ ಹೊರಡಿಸಿದ ಸೂಚನೆಗಳು, ಉತ್ಪನ್ನವನ್ನು ಶಿಫಾರಸು ಮಾಡುವವರು ಬಹಿರಂಗಪಡಿಸಬೇಕಾದ ಸಂಬಂಧಗಳಲ್ಲಿ ಉದ್ಯೋಗವನ್ನೂ ಸೇರಿಸಿವೆ. ‘ನಾನು ಈ ಕಂಪನಿಯಲ್ಲೇ ಕೆಲಸ ಮಾಡುತ್ತೇನೆ’ ಎಂದು ಬರೆದು ಹೊಗಳಿದರೆ ತಕರಾರಿಲ್ಲ.

ಇಷ್ಟೇ ಮುಖ್ಯವಾದದ್ದು, ಸುತ್ತೋಲೆ ಎಲ್ಲಿ ನಿಲ್ಲಬೇಕೆಂಬುದು. ಅಮೆರಿಕದ ಕಾರ್ಮಿಕ ಸಂಬಂಧಗಳ ಮಂಡಳಿಯ ಕಾನೂನು ಕಚೇರಿ 2012ರಲ್ಲಿ ಏಳು ಕಂಪನಿಗಳ ಇಂಥ ನಿಯಮಾವಳಿಗಳನ್ನು ಜಾಲಾಡಿತು. ಆರರಲ್ಲಿ ಕಾನೂನುಬಾಹಿರ ಅಂಶಗಳು ಕಂಡವು. ‘ಗೋಪ್ಯ ಮಾಹಿತಿ ಹಂಚಬೇಡಿ’ ಎಂಬ ಬೀಸು ಮಾತನ್ನು ನೌಕರರು ಸಂಬಳ, ಕೆಲಸದ ಪರಿಸ್ಥಿತಿಯ ಬಗ್ಗೆಯೂ ಮಾತಾಡಬಾರದೆಂದು ಅರ್ಥಮಾಡಿಕೊಳ್ಳಬಹುದು ಎಂಬುದು ಅದರ ತಕರಾರು. ಪೂರ್ತಿ ಪಾಸಾದದ್ದು ವಾಲ್‌ಮಾರ್ಟ್‌ನ ಪರಿಷ್ಕೃತ ನಿಯಮಾವಳಿ ಮಾತ್ರ. ಯಾವುದು ವ್ಯಾಪಾರದ ಗುಟ್ಟು, ಯಾವುದು ಬೆದರಿಕೆ, ಯಾವುದು ಕಿರುಕುಳ ಎಂದು ಅದು ಉದಾಹರಣೆ ಕೊಟ್ಟು ಹೇಳಿತ್ತು. ಆ ಕಾನೂನು ನಮ್ಮದಲ್ಲ, ಆದರೆ ಅದರ ತರ್ಕ ನಮಗೂ ಸಲ್ಲುತ್ತದೆ. ‘ಘನತೆಗೆ ಧಕ್ಕೆ’ ಎಂಬ ಮಾತು ಸೆಲ್ಫಿಯನ್ನು ತಡೆಯುವುದಿಲ್ಲ; ಪಿಎಫ್ ಕಟ್ಟಿಲ್ಲ ಎಂದು ನ್ಯಾಯವಾಗಿ ದೂರುವವನ ಬಾಯಿಯನ್ನಂತೂ ಮುಚ್ಚಿಸುತ್ತದೆ.

ತಪ್ಪು ಆಗಿಹೋದರೆ ಏನು ಮಾಡಬೇಕೆಂದೂ ಬರೆದಿರಬೇಕು. ಪೋಸ್ಟ್ ಅಳಿಸಿದರೂ ಸ್ಕ್ರೀನ್‌ಶಾಟ್ ಉಳಿದಿರುತ್ತದೆ. ಆದ್ದರಿಂದ ಗುಟ್ಟಾಗಿ ಅಳಿಸಿ ಸುಮ್ಮನಿರುವ ಬದಲು ತಕ್ಷಣ ಯಾರಿಗೆ ಫೋನ್ ಮಾಡಬೇಕು ಎಂಬ ಹೆಸರು, ನಂಬರು ಸುತ್ತೋಲೆಯಲ್ಲೇ ಇರಲಿ. ಬೇಗ ಗೊತ್ತಾದರೆ ಕಂಪನಿ ಗ್ರಾಹಕರಿಗೆ ತಾನೇ ಮೊದಲು ತಿಳಿಸಬಹುದು. ಹೇಳಿದವರಿಗೆ ಶಿಕ್ಷೆಯೇ ಮೊದಲು ಎಂದಾದರೆ ಯಾರೂ ಹೇಳುವುದಿಲ್ಲ.

ನಿಮ್ಮ ಕಂಪನಿಯಿಂದಲೂ ಇಂಥ ಸುತ್ತೋಲೆ ಬಂದಿದ್ದರೆ ಕೂಡಲೇ ‘ಒಪ್ಪಿದೆ’ ಒತ್ತಬೇಡಿ. ಅರ್ಥವಾಗದ ಸಾಲಿಗೆ ಒಂದು ಉದಾಹರಣೆ ಕೊಡಿ ಎಂದು ಎಚ್‌ಆರ್‌ನವರನ್ನು ಕೇಳಿ. ಉದಾಹರಣೆ ಕೊಡಲಾಗದ ನಿಯಮವನ್ನು ಪಾಲಿಸುವುದೂ ಆಗದು.