ತಲೆಬರಹ ಮುಚ್ಚಿಟ್ಟು ಓದಿ

ಪತ್ರಿಕಾ ಕಚೇರಿಯ ಉಪಸಂಪಾದಕರ ಮೇಜಿಗೆ ಬರುವ ಪತ್ರಿಕಾ ಪ್ರಕಟಣೆಗಳಿಗೆ ಸಾಮಾನ್ಯವಾಗಿ ಒಂದು ಹಳೆಯ ಜಾತಕವಿರುತ್ತದೆ. ಕಳೆದ ಸಲದ ಪ್ರಕಟಣೆಯನ್ನೇ ನಕಲು ಮಾಡಿ, ಹೆಸರು, ದಿನಾಂಕ, ಅಂಕಿಗಳನ್ನು ಬದಲಿಸಿರುತ್ತಾರೆ. ಬದಲಿಸಲು ಮರೆತ ಕಡೆಯೆಲ್ಲ ತಪ್ಪು ಉಳಿದುಬಿಡುತ್ತದೆ.

ಒಂದು ಕಾಲ್ಪನಿಕ ಮಾದರಿ ನೋಡಿ. ವಿದ್ಯುತ್ ಸ್ಕೂಟರ್ ಕಂಪನಿಯೊಂದರ ಪ್ರಕಟಣೆಯ ತಲೆಬರಹ: 'ಇಂದಿನಿಂದ ಹೊಸ ಸ್ಕೂಟರ್ ಮಾರಾಟ'. ಮೊದಲ ಪ್ಯಾರಾ: 'ಕಂಪನಿ ಇಂದು ಬುಕಿಂಗ್ ಆರಂಭಿಸಿದ್ದು, ವಾಹನಗಳನ್ನು ಜನವರಿಯಿಂದ ಗ್ರಾಹಕರಿಗೆ ನೀಡಲಿದೆ. 3 ಕಿಲೋವ್ಯಾಟ್ ಬ್ಯಾಟರಿ ಇದರಲ್ಲಿದೆ ಎಂದು ನಿರ್ದೇಶಕರು ತಿಳಿಸಿದ್ದಾರೆ.' ಕೆಳಗೆ ಅದೇ ವ್ಯಕ್ತಿಯ ಹೇಳಿಕೆಯ ಪಕ್ಕದಲ್ಲಿ 'ವ್ಯವಸ್ಥಾಪಕ ನಿರ್ದೇಶಕ' ಎಂದಿದೆ.

ಅನುಭವಿಗಳು ತಲೆಬರಹವನ್ನು ಕೈಯಿಂದ ಮುಚ್ಚಿ ಮೊದಲ ಪ್ಯಾರಾ ಓದುತ್ತಾರೆ. ಯಾರು, ಏನು ಮಾಡಿದರು, ಯಾವಾಗ ಎಂಬುದನ್ನು ಒಂದು ಸಾಲಿನಲ್ಲಿ ಗೀಚಿಕೊಂಡು ಆಮೇಲೆ ಕೈ ತೆಗೆಯುತ್ತಾರೆ. ಇಲ್ಲಿ ಗೀಚಿದ ಸಾಲು 'ಬುಕಿಂಗ್ ಇಂದು, ಸ್ಕೂಟರ್ ಜನವರಿಗೆ'. ತಲೆಬರಹದ 'ಮಾರಾಟ'ವನ್ನು ನಂಬಿ ಶೋರೂಮಿಗೆ ಹೋದವರು ಬರಿಗೈಲಿ ಮರಳುತ್ತಾರೆ. ತಲೆಬರಹ ಮೊದಲೇ ಸಿದ್ಧವಾಗಿ, ಪ್ಯಾರಾವನ್ನು ಕೊನೆಗಳಿಗೆಯಲ್ಲಿ ತಿದ್ದಿದಾಗ ಇಂಥ ಎಡವಟ್ಟು ಹುಟ್ಟುತ್ತದೆ. ಮೊದಲು ತಲೆಬರಹವನ್ನೇ ಓದಿದರೆ ಕಣ್ಣು ಪ್ಯಾರಾದಲ್ಲೂ ಅದನ್ನೇ ಹುಡುಕುತ್ತದೆ. ವಿರೋಧ ಕಾಣುವುದೇ ಇಲ್ಲ.

ಮುಂದಿನದು ಬ್ಯಾಟರಿ. ಕಿಲೋವ್ಯಾಟ್ ಎಂದರೆ ಮೋಟರಿನ ಶಕ್ತಿಯ ಅಳತೆ. ಬ್ಯಾಟರಿಯಲ್ಲಿ ತುಂಬಿಡುವ ವಿದ್ಯುತ್ತಿನ ಅಳತೆ ಕಿಲೋವ್ಯಾಟ್-ಅವರ್. ವಿದ್ಯುತ್ ಬಿಲ್ಲಿನಲ್ಲಿ ನಾವು 'ಯೂನಿಟ್' ಎನ್ನುವುದು ಒಂದು ಕಿಲೋವ್ಯಾಟ್-ಅವರ್‌ಗೇ. ಹಾಗಾಗಿ ಇದು 3 ಯೂನಿಟ್ ಹಿಡಿಯುವ ಬ್ಯಾಟರಿ ಇರಬೇಕು. 'ಅವರ್' ಬಿಟ್ಟುಹೋದರೂ ಉಳಿದ ಪದದ ಕಾಗುಣಿತ ಸರಿಯೇ ಇರುವುದರಿಂದ ಕಾಗುಣಿತ ಪರೀಕ್ಷಕ ತೆಪ್ಪಗಿರುತ್ತದೆ. ಕಡತದಲ್ಲಿ 'ಕಿಲೋವ್ಯಾಟ್' ಎಂದು ಹುಡುಕಿ, ಸಿಕ್ಕ ಪ್ರತಿ ಕಡೆ ಅದು ಮೋಟರಿನದೋ ಬ್ಯಾಟರಿಯದೋ ಎಂದು ನೋಡುವುದೇ ದಾರಿ. ಮಾದರಿಯ ಹೆಸರನ್ನೂ ಹೀಗೆಯೇ ಕಂಪನಿಯ ತಾಂತ್ರಿಕ ವಿವರಪಟ್ಟಿಯೊಂದಿಗೆ ಅಕ್ಷರಕ್ಕೆ ಅಕ್ಷರ ತಾಳೆ ನೋಡುತ್ತಾರೆ.

ಹುದ್ದೆಯ ತಪ್ಪು ಚಿಕ್ಕದಾಗಿ ಕಂಡರೂ ಅರ್ಥ ಕೆಡಿಸುತ್ತದೆ. ಮಂಡಳಿಯಲ್ಲಿ ನಿರ್ದೇಶಕರು ಹಲವರಿರಬಹುದು. ಅವರಲ್ಲಿ ಆಡಳಿತದ ಗಣನೀಯ ಅಧಿಕಾರ ಪಡೆದವರು ವ್ಯವಸ್ಥಾಪಕ ನಿರ್ದೇಶಕರು. ಸರ್ಕಾರಿ ಪ್ರಕಟಣೆಗಳಲ್ಲಿ ಕಾಡುವುದು 'ಅಪರ' ಎಂಬ ಮೂರಕ್ಷರ. ಅದನ್ನು ಬಿಟ್ಟರೆ ಅಪರ ಜಿಲ್ಲಾಧಿಕಾರಿ ಜಿಲ್ಲಾಧಿಕಾರಿಯಾಗುತ್ತಾರೆ, ಅಪರ ಮುಖ್ಯ ಕಾರ್ಯದರ್ಶಿ ಇಡೀ ರಾಜ್ಯದ ಮುಖ್ಯ ಕಾರ್ಯದರ್ಶಿಯೇ ಆಗಿಬಿಡುತ್ತಾರೆ. ಪ್ರಕಟಣೆಯಲ್ಲಿನ ಪ್ರತಿ ಹೆಸರಿಗೂ ಗೆರೆ ಎಳೆದು, ಪಕ್ಕದ ಹುದ್ದೆ ಎಲ್ಲ ಕಡೆ ಒಂದೇ ಇದೆಯೇ ಎಂದು ಮೊದಲು ನೋಡಬೇಕು. ಎಲ್ಲ ಕಡೆ ಒಂದೇ ಇದ್ದರೂ ಅದು ಹಳೆಯ ಹುದ್ದೆಯಾಗಿರಬಹುದು. ಅದಕ್ಕೆ ಸಂಸ್ಥೆಯ ಈಗಿನ ಪದಾಧಿಕಾರಿಗಳ ಪಟ್ಟಿಯೇ ಆಧಾರ.

ತಪ್ಪು ಸಿಕ್ಕಿತೆಂದು ಊಹೆಯಿಂದ ತಿದ್ದುವಂತಿಲ್ಲ. ತಲೆಬರಹ ಸರಿಯಿದ್ದು ಪ್ಯಾರಾವೇ ಹಳೆಯದಿರಲೂಬಹುದು. ಪ್ರಕಟಣೆಯ ಕೊನೆಯಲ್ಲಿರುವ ಸಂಖ್ಯೆಗೆ ಫೋನ್ ಮಾಡಿ, 'ಸ್ಕೂಟರ್ ಇವತ್ತೇ ಮನೆಗೆ ಒಯ್ಯಬಹುದೇ ಸರ್?' ಎಂದು ನೇರವಾಗಿ ಕೇಳುವುದು ವಾಡಿಕೆ. 'ಇಲ್ಲ, ಜನವರಿಗೆ' ಎಂಬ ಉತ್ತರ ಬಂದರೆ ತಲೆಬರಹ ಬದಲಾಗುತ್ತದೆ: 'ಹೊಸ ಸ್ಕೂಟರ್ ಬುಕಿಂಗ್ ಆರಂಭ, ಜನವರಿಯಿಂದ ಗ್ರಾಹಕರ ಕೈಗೆ'.